ಅಚ್ಚಿನ ಪದ್ಯವೂ ಕೈಬರಹದ ಸಾಲೂ

ಲೋಕದಲ್ಲಿ ಅತಿ ಹೆಚ್ಚು ಜನರ ಕೈಸೇರಿದ ಪದ್ಯಗಳಾವುವು ಎಂದು ಯಾರಾದರೂ ಕೇಳಿದರೆ, ವಿದ್ವಾಂಸರ ಬಾಯಲ್ಲಿ ಮಹಾಕವಿಗಳ ಹೆಸರುಗಳು ಬರುವುದು ಸಹಜ. ಆದರೆ ಕವಿಯ ಹೆಸರನ್ನು ಯಾರೂ ಕೇಳದ, ಕೇಳಬೇಕೆಂಬ ಎಣಿಕೆಯೇ ಯಾರಿಗೂ ಹುಟ್ಟದ ಒಂದು ಜಾತಿಯ ಪದ್ಯವುಂಟು. ಅದು ಶುಭಾಶಯ ಪತ್ರಿಕೆಯ ಪದ್ಯ. ಇಂಗ್ಲೆಂಡು ಮತ್ತು ಅಮೆರಿಕ ದೇಶಗಳಲ್ಲಿ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಈ ಪದ್ಯಗಳು ಅಚ್ಚಾಗುತ್ತ, ಮಾರಾಟವಾಗುತ್ತ, ಅಂಚೆಯಲ್ಲಿ ಹೋಗುತ್ತ ಬಂದಿವೆ. ವಿಮರ್ಶಕರು ಇವುಗಳ ಕಡೆಗೆ ಕಣ್ಣೆತ್ತಿ ನೋಡಿದುದು ಕಡಮೆ. ನೋಡಿದವರು ನಕ್ಕು ಮುಂದೆ ಹೋದರು. ಆದರೂ ಅದೇ ಪತ್ರಿಕೆಗಳನ್ನು ಜನರು ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ನೀರಸವಾದ ಪದ್ಯವನ್ನು ಹೊತ್ತ ಕಾಗದವನ್ನು ಮನುಷ್ಯನು ಆಯುಷ್ಯವಿಡೀ ಕಾಪಾಡುವುದೇಕೆ? ಈ ಪ್ರಶ್ನೆ ಹಾಸ್ಯಾಸ್ಪದವಾದುದಲ್ಲ. ಕಾವ್ಯವೆಂದರೇನು, ಕಾವ್ಯವಲ್ಲದ ಮಾತಿನ ಬೆಲೆಯೇನು ಎಂಬ ವಿಚಾರಕ್ಕೆ ಇದು ನೇರವಾಗಿ ಸಂಬಂಧಿಸಿದುದು.

ಹಾರೈಕೆಯನ್ನು ಕಾವ್ಯದಲ್ಲಿ ಎಲ್ಲಿ ಇರಿಸಬೇಕೆಂಬ ಶಂಕೆ ನಮ್ಮ ಆಲಂಕಾರಿಕರಿಗೂ ಇದ್ದಿತು. ದಂಡಿಯು ‘ಕಾವ್ಯಾದರ್ಶ’ದ ಎರಡನೆಯ ಪರಿಚ್ಛೇದದಲ್ಲಿ ಅರ್ಥಾಲಂಕಾರಗಳನ್ನು ಎಣಿಸುವಾಗ, ಕೊನೆಯ ಸಾಲಿನಲ್ಲಿ ‘ಆಶೀಃ’ ಎಂಬುದನ್ನೂ ಸೇರಿಸಿದನು. ಬಯಸಿದ ವಸ್ತು ಲಭಿಸಲೆಂದು ಹಾರೈಸುವುದೇ ಅದರ ಲಕ್ಷಣವೆಂದನು. ಭಾಮಹನಾದರೋ ಅದನ್ನು ಕೆಲವರು ಅಲಂಕಾರವೆಂದು ಎಣಿಸುತ್ತಾರೆ ಎಂದು ಹೇಳಿ, ಸ್ನೇಹಕ್ಕೆ ವಿರೋಧವಲ್ಲದ ಮಾತಿನಲ್ಲಿ ಅದರ ಪ್ರಯೋಗವೆಂದು ಸೂಚಿಸಿ ಸುಮ್ಮನಾದನು. ಈ ಸಂಕೋಚವು ಅರ್ಥವತ್ತಾದುದು. ‘ನಿನಗೆ ಒಳ್ಳೆಯದಾಗಲಿ’ ಎಂಬ ಮಾತಿನಲ್ಲಿ ಉಕ್ತಿಯ ವೈಚಿತ್ರ್ಯವೇನೂ ಇಲ್ಲ. ಅದರ ಬೆಲೆಯೆಲ್ಲ ಯಾರು, ಯಾರಿಗೆ, ಯಾವಾಗ ಹೇಳಿದರು ಎಂಬುದರಲ್ಲಿದೆ. ಹಾಗಿದ್ದಮೇಲೆ ಹೇಳುವವನೂ ಕೇಳುವವನೂ ಇನ್ನೂ ಗೊತ್ತಾಗದಿರುವಾಗಲೇ ಹಾರೈಕೆಯನ್ನು ಸಾವಿರಗಟ್ಟಲೆ ಅಚ್ಚುಮಾಡಿಟ್ಟರೆ ಅದರ ಗತಿಯೇನು? ಶುಭಾಶಯ ಪತ್ರಿಕೆಯ ಚರಿತ್ರೆಯೆಂದರೆ ಈ ಪ್ರಶ್ನೆಗೆ ಜನಸಾಮಾನ್ಯರು ತಮ್ಮ ಕೈಯಿಂದಲೇ ಬರೆದುಕೊಟ್ಟ ಉತ್ತರ.

ಯಾರ್ಕ್ ನಗರದ ಕ್ಯಾಸಲ್ ಮ್ಯೂಸಿಯಮ್ಮಿನಲ್ಲಿ 1797ನೆಯ ಇಸವಿಯ ಒಂದು ಪತ್ರಿಕೆಯಿದೆ. ಫೆಬ್ರವರಿ 14ನೆಯ ತಾರೀಖು ಆಚರಿಸುವ ವ್ಯಾಲೆಂಟೈನ್ ದಿನದಂದು ಪ್ರಿಯರಿಗೆ ಕಳುಹಿಸುವ ಪತ್ರಿಕೆಗಳಲ್ಲಿ, ಅಚ್ಚಾಗಿ ಇಂದಿಗೆ ಉಳಿದಿರುವವುಗಳ ಪೈಕಿ ಇದೇ ಅತ್ಯಂತ ಹಳೆಯದೆಂದು ಪ್ರಸಿದ್ಧಿ. ಲಂಡನ್ನಿನ ಜಾನ್ ಫೇರ್‌ಬರ್ನ್ ಎಂಬ ಪ್ರಕಾಶಕನು ಆ ವರ್ಷದ ಜನವರಿ 12ರಂದು ಇದನ್ನು ಹೊರಡಿಸಿದನು. ಚಿತ್ರವನ್ನು ಅಚ್ಚೊತ್ತಿದ ಮೇಲೆ ಬಣ್ಣವನ್ನು ಕೈಯಿಂದ ತುಂಬಿದ್ದಾರೆ. ಹೂಗಳು, ಪಾರಿವಾಳಗಳು, ಮನ್ಮಥನ ಆಕೃತಿ ಇವೆಲ್ಲ ಇವೆ. ಮೂಲೆಗಳಲ್ಲಿ ಸಣ್ಣ ರಂಧ್ರಗಳನ್ನು ಕೊರೆದು ಕಸೂತಿಯಂತೆ ಕಾಣುವ ಹಾಗೆ ಮಾಡಿದ್ದಾರೆ. ಅಂಚಿನ ಸುತ್ತ ಒಂದು ಚೌಪದಿ ಅಚ್ಚಾಗಿದೆ. ಅದರ ತಾತ್ಪರ್ಯವಿಷ್ಟು: ಈ ಸಂತೋಷದ ದಿನ ಪ್ರಕೃತಿಯೆಲ್ಲ ಪ್ರೇಮದಿಂದಲೂ ಆಟದಿಂದಲೂ ತುಂಬಿದೆ; ಆದರೂ ನನ್ನ ಉದ್ದೇಶ ನಿರಪಾಯವಾದುದು; ನಿನ್ನ ಪ್ರಿಯವ್ಯಕ್ತಿಯಾಗಬೇಕೆಂಬುದಷ್ಟೇ ನನ್ನ ಬಯಕೆ.

ಈ ಚೌಪದಿಯಲ್ಲಿ ದೋಷವೇನೂ ಇಲ್ಲ. ಪ್ರಾಸವಿದೆ, ಛಂದಸ್ಸು ನಡೆಯುತ್ತದೆ, ಸಭ್ಯತೆಯಿದೆ. ಇದನ್ನು ಯಾವ ಹೆಂಗಸಾದರೂ ಯಾವ ಗಂಡಸಿಗಾದರೂ, ಯಾವ ಗಂಡಸಾದರೂ ಯಾವ ಹೆಂಗಸಿಗಾದರೂ ಕಳುಹಿಸಬಹುದು. ಯಾರ ಮಾನಕ್ಕೂ ಕುಂದಿಲ್ಲ. ಆದರೆ ಇದೇ ಪತ್ರಿಕೆಯ ಒಳಭಾಗವನ್ನು ತೆರೆದರೆ ಬೇರೊಂದು ಧ್ವನಿ ಕೇಳಿಸುತ್ತದೆ. ಅದನ್ನು ಕೊಂಡ ಯುವತಿಯು ಲಂಡನ್ನಿನಲ್ಲಿದ್ದ ಒಬ್ಬ ಪುರುಷನಿಗೆ ತನ್ನ ಕೈಯಿಂದಲೇ ಕೆಲವು ಸಾಲುಗಳನ್ನು ಬರೆದಿದ್ದಾಳೆ. ಬರಬೇಕೆಂದು ತಾನು ಪದೇ ಪದೇ ಕೇಳಿಕೊಂಡಿದ್ದರೂ ಆತನು ಬಾರದಿರುವುದರಿಂದ, ಬಾರದಿರುವುದಕ್ಕೆ ಏನಾದರೂ ಕಾರಣವಿರಬೇಕೆಂದು ತನಗೆ ತೋರುತ್ತದೆ. ಆದರೆ ಆತನಿಗೆ ಹೇಳಬೇಕಾದ ವಿಶೇಷವಾದ ಮಾತೊಂದಿದೆ. ಆದಕಾರಣ ಬರುವ ಭಾನುವಾರ ತಪ್ಪದೆ ಬಂದರೆ ಉಪಕಾರವಾಗುವುದು. ಕೊನೆಗೆ ‘ನಿಮ್ಮ ಹಿತೈಷಿ’ ಎಂಬ ಅರ್ಥದ ಒಕ್ಕಣೆಯಿಂದ ಮುಗಿಸಿದ್ದಾಳೆ.

ಇವೆರಡನ್ನೂ ಎದುರುಬದುರಾಗಿ ಇಟ್ಟು ನೋಡುವುದೇ ಇಲ್ಲಿಯ ವಿಮರ್ಶೆ. ಪದ್ಯದಲ್ಲಿ ಪ್ರೇಮವೆಂಬ ಮಾತಿದೆ. ಕೈಬರಹದಲ್ಲಿ ಆ ಮಾತೇ ಇಲ್ಲ. ಪದ್ಯದಲ್ಲಿ ಅಲಂಕಾರವಿದೆ, ಕೈಬರಹದಲ್ಲಿ ಇರುವುದು ವ್ಯವಹಾರದ ಕಾಗದದ ಒಣ ವಾಕ್ಯ. ಆದರೂ ಓದುವವನ ಮನಸ್ಸು ತಟ್ಟನೆ ನಿಲ್ಲುವುದು ‘ಬರುವ ಭಾನುವಾರ’ ಎಂಬಲ್ಲಿ. ಪದೇ ಪದೇ ಕರೆದುದು, ಅವನು ಬಾರದುದು, ಅದಕ್ಕೆ ಅವಳು ತಾನೇ ಒಂದು ಕಾರಣವನ್ನು ಊಹಿಸಿಕೊಂಡು ಅವನ ಮರ್ಯಾದೆಯನ್ನು ಕಾಪಾಡಿದುದು, ಹೇಳಬೇಕಾದ ಮಾತನ್ನು ಹೇಳದೆ ಹಿಡಿದಿಟ್ಟುದು, ಇವೆಲ್ಲವೂ ಆ ಮೂರು ನಾಲ್ಕು ಸಾಲುಗಳಲ್ಲಿ ಅಡಗಿವೆ. ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಪದ್ಯವು ಸ್ಥಾಯಿಯ ಹೆಸರನ್ನು ಮಾತ್ರ ಉಚ್ಚರಿಸಿತು. ವಿಭಾವಾನುಭಾವಗಳನ್ನು ಒದಗಿಸಿದುದು ಕೈಬರಹ. ಭಾವದ ಹೆಸರನ್ನು ಹೇಳಿದ ಮಾತ್ರಕ್ಕೆ ರಸವು ಹುಟ್ಟದೆಂಬುದು ನಮ್ಮವರು ಸಾವಿರ ವರ್ಷಗಳಿಂದ ಹೇಳುತ್ತ ಬಂದ ತತ್ತ್ವ. ಆ ತತ್ತ್ವಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ಸಿಕ್ಕುವುದು ಕಷ್ಟ.

ಹಾಗಾದರೆ ಪದ್ಯವು ವ್ಯರ್ಥವೇ? ಹಾಗೆನ್ನುವುದು ಆತುರದ ತೀರ್ಪಾದೀತು. ಅಂದಿನ ಸಮಾಜದಲ್ಲಿ ಒಬ್ಬ ಯುವತಿಯು ಒಬ್ಬ ಪುರುಷನಿಗೆ ‘ಭಾನುವಾರ ಬಾ’ ಎಂದು ಬರಿಯ ಕಾಗದವನ್ನು ಬರೆಯುವುದು ಸುಲಭವಾಗಿರಲಿಲ್ಲ. ವ್ಯಾಲೆಂಟೈನ್ ದಿನದ ಅಚ್ಚಿನ ಪತ್ರಿಕೆಯಾದರೋ ಎಲ್ಲರೂ ಕಳುಹಿಸುವಂಥದು. ಅದರ ಪದ್ಯವು ಯಾರದೂ ಅಲ್ಲದ ಕಾರಣ ಅದರ ಹೊಣೆಯೂ ಯಾರ ಮೇಲೂ ಬೀಳುವುದಿಲ್ಲ. ಆ ಹೊಣೆಯಿಲ್ಲದ ಪದ್ಯದ ಮರೆಯಲ್ಲಿ ಹೊಣೆಯುಳ್ಳ ಮಾತೊಂದು ಒಳಗೆ ಹೋಗಿ ಸೇರಿತು. ಮನೆಗೆ ಬಾಗಿಲವಾಡವಿದ್ದಂತೆ ಅದು. ಬಾಗಿಲವಾಡವೇ ಮನೆಯಲ್ಲ, ಆದರೆ ಅದಿಲ್ಲದೆ ಒಳಹೊಗುವ ದಾರಿಯಿಲ್ಲ.

ಅದೇ 1797ರಲ್ಲಿ ಲಂಡನ್ನಿನಲ್ಲಿ ‘ಯಂಗ್ ಮ್ಯಾನ್ಸ್ ವ್ಯಾಲೆಂಟೈನ್ ರೈಟರ್’ ಎಂಬ ಪುಸ್ತಕವೂ ಹೊರಟಿತು. ಸ್ವತಃ ಪದ್ಯ ಕಟ್ಟಲಾರದ ತರುಣನು ಅದರಿಂದ ಬೇಕಾದುದನ್ನು ಆಯ್ದು ತನ್ನ ಕೈಯಿಂದ ನಕಲುಮಾಡಿ ಕಳುಹಿಸಬಹುದಾಗಿತ್ತು. ಈ ಜಾತಿಯ ಪುಸ್ತಕಗಳಲ್ಲಿ ದರ್ಜಿಗೆ ಒಂದು ಪದ್ಯ, ಕಟುಕನಿಗೆ ಒಂದು ಪದ್ಯ ಎಂದು ಕಸುಬುಗಳಿಗೆ ಹೊಂದುವ ಪದ್ಯಗಳೂ, ಬಂದ ಪದ್ಯಕ್ಕೆ ಕಳುಹಿಸಬೇಕಾದ ಉತ್ತರಗಳೂ ಇರುತ್ತಿದ್ದವು. ಇಲ್ಲಿ ಪದ್ಯವು ಎರವಲು, ಅಕ್ಷರವು ಸ್ವಂತ. ಆದುದರಿಂದ ಮೊದಲು ಕೈಬರಹವಿದ್ದು ಆಮೇಲೆ ಅಚ್ಚು ಬಂದು ಅದನ್ನು ಕೆಡಿಸಿತೆಂಬ ಸಾಮಾನ್ಯ ಅಭಿಪ್ರಾಯವು ಸರಿಯಲ್ಲ. ಕೈಯಿಂದ ಬರೆದುದೆಲ್ಲ ಹೃದಯದಿಂದ ಹುಟ್ಟಿದುದಲ್ಲ. ಅಚ್ಚಾದುದೆಲ್ಲ ಹೃದಯಶೂನ್ಯವೂ ಅಲ್ಲ. ಎರವಲೂ ಸ್ವಂತವೂ ಮೊದಲಿನಿಂದ ಒಂದೇ ಹಾಳೆಯ ಮೇಲೆ ಬೆರೆತೇ ಇದ್ದವು.

ಹಾಳೆಯ ಮೇಲೆ ಎಷ್ಟು ಬರೆಯುವುದೆಂಬುದು ಅಂಚೆಯ ವೆಚ್ಚಕ್ಕೂ ಸಂಬಂಧಿಸಿತ್ತು. ಇಂಗ್ಲೆಂಡಿನಲ್ಲಿ 1840ಕ್ಕೆ ಹಿಂದೆ ಕಾಗದದ ಕೂಲಿಯನ್ನು ದೂರವನ್ನೂ ಹಾಳೆಗಳ ಸಂಖ್ಯೆಯನ್ನೂ ನೋಡಿ ಗೊತ್ತುಮಾಡುತ್ತಿದ್ದರು. ಸಾಮಾನ್ಯವಾಗಿ ಅದನ್ನು ತೆರುತ್ತಿದ್ದವನು ಪಡೆಯುವವನು. ಲಕೋಟೆಯನ್ನು ಹಾಕಿದರೆ ಅದೂ ಒಂದು ಹಾಳೆಯೆಂದು ಲೆಕ್ಕಕ್ಕೆ ಬರುತ್ತಿತ್ತು. ಹಾರೈಸಿದವನಿಗೆ ಪುಣ್ಯ, ಹಾರೈಸಿಕೊಂಡವನಿಗೆ ದಂಡ! 1840ರ ಜನವರಿ 10ರಿಂದ ರೌಲೆಂಡ್ ಹಿಲ್ಲನ ಯೋಜನೆಯಂತೆ ಅರ್ಧ ಔನ್ಸಿನೊಳಗಿನ ಕಾಗದಕ್ಕೆ ದೇಶದಲ್ಲೆಲ್ಲ ಒಂದೇ ಪೆನ್ನಿಯೆಂದು ಗೊತ್ತಾಯಿತು. ಅದೇ ಮೇ ತಿಂಗಳಲ್ಲಿ ಅಂಚೆಚೀಟಿಯೂ ಬಳಕೆಗೆ ಬಂದಿತು. ಈ ಸುಧಾರಣೆಗಾಗಿ ದುಡಿದವರಲ್ಲಿ ಹೆನ್ರಿ ಕೋಲ್ ಎಂಬವನು ಒಬ್ಬ. ಅಂಚೆ ಅಗ್ಗವಾದುದರಿಂದ ಹಬ್ಬದ ದಿನಗಳಲ್ಲಿ ಬಂದ ಕಾಗದಗಳಿಗೆಲ್ಲ ಉತ್ತರ ಬರೆಯುವುದೇ ಹೊರೆಯಾಗಿ, 1843ರಲ್ಲಿ ಅವನೇ ಒಂದು ಉಪಾಯವನ್ನು ಹೂಡಿದನು. ಜಾನ್ ಕ್ಯಾಲ್ಕಾಟ್ ಹಾರ್ಸ್‌ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರವನ್ನು ಬರೆಯಿಸಿ, ಕಲ್ಲಚ್ಚಿನಲ್ಲಿ ಸುಮಾರು 1,000 ಪ್ರತಿಗಳನ್ನು ತೆಗೆಸಿ, ಕೈಯಿಂದ ಬಣ್ಣ ಹಾಕಿಸಿದನು. ಮಾರಾಟಕ್ಕೆ ಒಂದೊಂದಕ್ಕೆ ಒಂದು ಷಿಲಿಂಗು ಬೆಲೆಯಿಟ್ಟರು. ನಡುವೆ ಕುಟುಂಬವೊಂದು ಊಟಕ್ಕೆ ಕುಳಿತ ದೃಶ್ಯ. ಎರಡು ಪಕ್ಕಗಳಲ್ಲಿ ಬಡವರಿಗೆ ಅನ್ನವನ್ನೂ ವಸ್ತ್ರವನ್ನೂ ಕೊಡುವ ದೃಶ್ಯಗಳು. ಚಿಕ್ಕ ಮಗುವಿಗೂ ಮದ್ಯವನ್ನು ಕುಡಿಸುವಂತೆ ಚಿತ್ರಿಸಿದೆಯೆಂದು ಪಾನನಿರೋಧಕರು ಆಕ್ಷೇಪಿಸಿದರೆಂಬುದು ಈ ಚಿತ್ರದ ಪ್ರಸಿದ್ಧವಾದ ಕಥೆ.

ಆದರೆ ಆ ಪತ್ರಿಕೆಯಲ್ಲಿ ವಿಮರ್ಶಕನು ನೋಡಬೇಕಾದುದು ಚಿತ್ರವನ್ನಲ್ಲ, ಚಿತ್ರವಿಲ್ಲದ ಜಾಗವನ್ನು. ಮೇಲೆ ‘ಇಂಥವರಿಗೆ’ ಎಂದೂ ಕೆಳಗೆ ‘ಇಂಥವರಿಂದ’ ಎಂದೂ ಅಚ್ಚಿಸಿ, ಹೆಸರು ಬರೆಯಲು ಎರಡು ಕಡೆ ಖಾಲಿಯಾಗಿ ಬಿಟ್ಟಿದ್ದಾರೆ. ಕಾಗದವನ್ನು ಬರೆಯುವ ಶ್ರಮವನ್ನು ಉಳಿಸಲೆಂದು ಹುಟ್ಟಿದ ವಸ್ತುವು ಆ ಎರಡು ಹೆಸರುಗಳ ಶ್ರಮವನ್ನು ಮಾತ್ರ ಉಳಿಸಲಾರದೆ ಹೋಯಿತು. ಹಾರೈಕೆಯಲ್ಲಿ ಅಚ್ಚಿಗೆ ಒಪ್ಪಿಸಬಹುದಾದುದೆಷ್ಟು, ಒಪ್ಪಿಸಲಾಗದುದೆಷ್ಟು ಎಂಬುದರ ಗಡಿಯನ್ನು ಆ ಖಾಲಿ ಜಾಗವೇ ತೋರಿಸುತ್ತದೆ. ಕೋಲನು ತನ್ನ ಅಜ್ಜಿಗೆ ಕಳುಹಿಸಿದ್ದ ಪ್ರತಿಯು 2001ರಲ್ಲಿ ಇಂಗ್ಲೆಂಡಿನಲ್ಲಿ ಹರಾಜಾದಾಗ 20,000 ಪೌಂಡುಗಳಿಗೂ ಮಿಕ್ಕಿ ಬೆಲೆಬಂದಿತು. ಉಳಿದ ಪ್ರತಿಗಳು ವಿರಳವೆಂಬುದು ಅದಕ್ಕೆ ಒಂದು ಕಾರಣ ನಿಜ. ಆದರೆ ಖಾಲಿ ಜಾಗದಲ್ಲಿ ಮೊಮ್ಮಗನ ಕೈ ತುಂಬಿದ ಹೆಸರುಗಳಿಗೂ ಅದರಲ್ಲಿ ಪಾಲಿದೆ.

ಅಚ್ಚಿನ ಪದ್ಯದ ದೌರ್ಬಲ್ಯವನ್ನು ಅದನ್ನು ಮಾರುತ್ತಿದ್ದವರು ವಿಮರ್ಶಕರಿಗಿಂತ ಚೆನ್ನಾಗಿ ಅರಿತಿದ್ದರು. ಅಮೆರಿಕ ದೇಶದ ವೂಸ್ಟರ್ ಎಂಬ ಊರಿನಲ್ಲಿ ಕಾಗದ ಪುಸ್ತಕಗಳ ವ್ಯಾಪಾರಿಯೊಬ್ಬನ ಮಗಳಾದ ಎಸ್ತರ್ ಹೌಲೆಂಡ್ ಎಂಬವಳು 1847ರ ಸುಮಾರಿನಲ್ಲಿ ಇಂಗ್ಲೆಂಡಿನಿಂದ ಬಂದ ಒಂದು ಪತ್ರಿಕೆಯನ್ನು ನೋಡಿ, ತಾನೇ ಅಂಥವನ್ನು ತಯಾರಿಸತೊಡಗಿದಳು. ಮನೆಯಲ್ಲಿ ಮೇಜಿನ ಸುತ್ತ ಹುಡುಗಿಯರನ್ನು ಕೂರಿಸಿ, ಒಬ್ಬಳು ಚಿತ್ರಗಳನ್ನು ಕತ್ತರಿಸುವುದು, ಇನ್ನೊಬ್ಬಳು ಜಾಲರಿಯ ಕಾಗದವನ್ನು ಹೊಂದಿಸುವುದು, ಮತ್ತೊಬ್ಬಳು ಅಂಟಿಸುವುದು ಎಂದು ಕೆಲಸವನ್ನು ಹಂಚಿದಳು. ಪದ್ಯವನ್ನು ಸಣ್ಣ ಚೀಟಿಯಲ್ಲಿ ಅಚ್ಚಿಸಿ ಒಳಗೆ ಅಂಟಿಸುವುದು ಅವಳ ಪದ್ಧತಿ. ಕ್ರಮೇಣ ಒಂದು ತೊಡಕು ತೋರಿತು. ಕೊಳ್ಳುವವರಿಗೆ ಚಿತ್ರವು ಹಿಡಿಸುತ್ತಿತ್ತು, ಪದ್ಯವು ಹಿಡಿಸುತ್ತಿರಲಿಲ್ಲ; ತಮ್ಮ ಮಾತಲ್ಲವೆಂದು ತೋರುತ್ತಿತ್ತು. ಇದಕ್ಕಾಗಿ ಅವಳ ಸಂಸ್ಥೆಯು 1879ರಲ್ಲಿ ಪದ್ಯಗಳದೇ ಒಂದು ಪುಸ್ತಕವನ್ನು ಹೊರಡಿಸಿತು. ಅದರಲ್ಲಿ 131 ಪದ್ಯಗಳು. ಕೆಂಪು, ಹಸಿರು, ನೀಲಿ ಮತ್ತು ಚಿನ್ನದ ಬಣ್ಣದ ಮಸಿಗಳಲ್ಲಿ, ಬೇರೆ ಬೇರೆ ಗಾತ್ರದ ಅಕ್ಷರಗಳಲ್ಲಿ ಅಚ್ಚಾಗಿದ್ದವು. ಬೇಕಾದುದನ್ನು ಕತ್ತರಿಸಿ ಬೇಡವಾದುದರ ಮೇಲೆ ಅಂಟಿಸಬಹುದು.

ಈ ಅಂಟಿಸುವ ಕ್ರಿಯೆಯನ್ನು ವಿಮರ್ಶಕನು ಗಮನಿಸಬೇಕು. ಕವಿತೆಯೊಂದರ ಮೇಲೆ ಮತ್ತೊಂದನ್ನು ಅಂಟಿಸಿದರೂ ವಸ್ತುವಿಗೆ ಭಂಗವಿಲ್ಲವೆಂದರೆ, ಆ ಕವಿತೆಯು ವಸ್ತುವಿನ ಅಂಗವಲ್ಲ, ಉಡುಪು ಎಂದಾಯಿತು. ಕಾವ್ಯದಲ್ಲಿ ಶಬ್ದವನ್ನು ಬದಲಿಸಿದರೆ ಕಾವ್ಯವೇ ಕೆಡುತ್ತದೆ; ಇಲ್ಲಿ ಪದ್ಯವನ್ನೇ ಬದಲಿಸಿದರೂ ಪತ್ರಿಕೆ ಹಾಗೆಯೇ ಇರುತ್ತದೆ. ಆದರೆ ಕೊಂಡವನು 131ರಲ್ಲಿ ಒಂದನ್ನು ಆರಿಸಿದನೆಂಬುದು ಬೇರೆ ಮಾತು. ಆರಿಸುವಾಗ ಅವನ ಮನಸ್ಸಿನಲ್ಲಿ ಒಬ್ಬರ ಮುಖವಿತ್ತು. ಪದ್ಯವು ಯಾರಿಗಾದರೂ ಸಲ್ಲುವುದು. ಆರಿಕೆಯು ಒಬ್ಬರಿಗೇ ಸಲ್ಲುವುದು. ಇಂಗ್ಲೆಂಡಿನ ಹೆಲೆನ್ ಮೇರಿಯನ್ ಬರ್ನ್‌ಸೈಡ್ ಎಂಬ ಕವಯಿತ್ರಿ, ಬಾಲ್ಯದಲ್ಲಿಯೇ ಶ್ರವಣಶಕ್ತಿಯನ್ನು ಕಳೆದುಕೊಂಡವಳು, ಇಂತಹ ಪತ್ರಿಕೆಗಳಿಗಾಗಿ ಸುಮಾರು 6,000 ಪದ್ಯಗಳನ್ನು ರಚಿಸಿದಳೆಂದು ಹೇಳುತ್ತಾರೆ. ತಾನು ಕಾಣದವರ ಪರವಾಗಿ, ತಾನು ಕಾಣದವರಿಗೆ ಹಾರೈಸುವುದೇ ಅವಳ ವೃತ್ತಿ. ಅವಳ ಪದ್ಯಗಳಲ್ಲಿ ವ್ಯಕ್ತಿವಿಶೇಷವು ಕಾಣದೆಂದು ದೂರುವುದು ಅನ್ಯಾಯ. ಅದು ಕಂಡಿದ್ದರೆ ಅವು ಮಾರಾಟವಾಗುತ್ತಲೇ ಇರಲಿಲ್ಲ.

ನಮ್ಮ ಶಾಸ್ತ್ರದಲ್ಲಿ ಸಾಧಾರಣೀಕರಣವೆಂಬ ಮಾತುಂಟು. ಅದಕ್ಕೂ ಇದಕ್ಕೂ ಹೋಲಿಕೆಯಿದೆಯೆಂದು ಯಾರಾದರೂ ಭ್ರಮಿಸಬಹುದು. ಶಕುಂತಲೆಯ ದುಃಖವು ಓದುವ ಎಲ್ಲರ ದುಃಖವಾಗುವುದು ಅವಳ ಬದುಕಿನ ವಿಶೇಷಗಳನ್ನೆಲ್ಲ ಹಾದುಬಂದ ಮೇಲೆ. ಕಣ್ವಾಶ್ರಮವೂ ಕಳೆದುಹೋದ ಉಂಗುರವೂ ಇಲ್ಲದಿದ್ದರೆ ಆ ಸಾಧಾರಣತ್ವವೂ ಇಲ್ಲ. ಪತ್ರಿಕೆಯ ಪದ್ಯವು ಸಾಧಾರಣವಾಗುವುದು ವಿಶೇಷಗಳನ್ನೆಲ್ಲ ಮೊದಲೇ ತೆಗೆದುಹಾಕುವುದರಿಂದ. ಒಂದು ತುಂಬಿದ ಸಾಧಾರಣತೆ, ಇನ್ನೊಂದು ಬರಿದಾದ ಸಾಧಾರಣತೆ. ಆ ಬರಿದನ್ನು ತುಂಬುವ ಕೆಲಸವು ಕಳುಹಿಸುವವನ ಪಾಲಿಗೆ ಉಳಿದಿದೆ. ಅವನು ತುಂಬಿದರೆ ಪತ್ರಿಕೆಯು ಉಳಿಯುತ್ತದೆ; ತುಂಬದಿದ್ದರೆ ಹಬ್ಬ ಮುಗಿದ ಮರುದಿನ ಒಲೆಗೆ ಹೋಗುತ್ತದೆ.

ಉಳಿಸಿಕೊಳ್ಳುವ ಬಗೆಗಳಲ್ಲಿಯೂ ಇದೇ ಭೇದವಿದೆ. ಲಂಡನ್ನಿನ ಜೊನಾಥನ್ ಕಿಂಗ್ ಎಂಬ ವ್ಯಾಪಾರಿಯು ಹತ್ತೊಂಬತ್ತನೆಯ ಶತಮಾನದ ಕ್ರಿಸ್ಮಸ್ ಪತ್ರಿಕೆಗಳಲ್ಲಿ ಸುಮಾರು 163,000 ಬಗೆಗಳನ್ನು 700 ಸಂಪುಟಗಳಲ್ಲಿ ಕೂಡಿಸಿದ್ದನು. ಗ್ಲೀಸನ್ ವೈಟ್ ಎಂಬ ವಿಮರ್ಶಕನು 1894ರಲ್ಲಿ ಈ ಪತ್ರಿಕೆಗಳ ಮೇಲೆ ಒಂದು ಗ್ರಂಥವನ್ನೇ ಬರೆದನು. ಅದರ ಹೆಸರಿನಲ್ಲಿ ಚಿತ್ರಕಾರರಿಗೆ ಸ್ಥಾನವಿದೆ, ಪದ್ಯಕಾರರಿಗಿಲ್ಲ. ಇವು ಬಗೆಗಳ ಚರಿತ್ರೆಗೆ ಅಮೂಲ್ಯವಾದ ಆಧಾರಗಳು. ಆದರೆ ಬಗೆಗಳನ್ನು ಕೂಡಿಸುವವನಿಗೆ ಯಾರು ಯಾರಿಗೆ ಕಳುಹಿಸಿದರೆಂಬುದು ಬೇಕಾಗಿಲ್ಲ. ಮಸಿ ತಾಗದ ಪ್ರತಿಯೇ ಅವನಿಗೆ ಉತ್ತಮ. ಇಂಗ್ಲೆಂಡಿನ ರಾಣಿ ಮೇರಿಯು ತನಗೆ ಬಂದ ಪತ್ರಿಕೆಗಳನ್ನು ಆಲ್ಬಮ್ಮುಗಳಲ್ಲಿ ಇರಿಸಿದ್ದಳು. ಅವು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅವು ಬಗೆಗಳಾಗಿ ಬಂದವಲ್ಲ, ಜನರಿಂದ ಬಂದವು.

ಮನೆಗಳಲ್ಲಿ ಇಟ್ಟುಕೊಂಡವರು ಒಂದು ತಪ್ಪನ್ನು ಮಾಡುತ್ತಿದ್ದರು. ಆ ಕಾಲದಲ್ಲಿ ಪತ್ರಿಕೆಗಳನ್ನು ದಪ್ಪ ಪುಸ್ತಕಗಳಲ್ಲಿ ಚಿತ್ರವು ಮೇಲಾಗುವಂತೆ ಅಂಟು ಹಚ್ಚಿ ಅಂಟಿಸುವುದು ವಾಡಿಕೆ. ಇದರಿಂದ ಚಿತ್ರವೂ ಅಚ್ಚಿನ ಪದ್ಯವೂ ಉಳಿದವು. ಬೆನ್ನಿನ ಮೇಲಿದ್ದ ಕೈಬರಹವು ಅಂಟಿನಲ್ಲಿ ಹೂತುಹೋಯಿತು. ಯಾವುದಕ್ಕಾಗಿ ಇಟ್ಟುಕೊಂಡರೋ ಅದನ್ನೇ ಮುಚ್ಚಿಬಿಟ್ಟರು. ಇಂಥ ಪುಸ್ತಕವು ಕೈಗೆ ಬಂದವರು ಕುತೂಹಲದಿಂದ ನೀರು ತಾಗಿಸಿ ಬಿಡಿಸಲೆಳಸಬಾರದು. ಸೀಸದಕಡ್ಡಿಯ ಬರಹವು ನೀರಿಗೆ ತಡೆದೀತು. ನೇರಿಳೆ ಬಣ್ಣದ ಮಸಿಯಂಥವು ಕ್ಷಣದಲ್ಲಿ ಹರಡಿ ಅಳಿಸಿಹೋಗುತ್ತವೆ. ಹಾಳೆ ತೆಳುವಾಗಿದ್ದರೆ ಬೆಳಕಿಗೆ ಹಿಡಿದು ಓದಲು ಪ್ರಯತ್ನಿಸುವುದೇ ಮೇಲು.

ಕೈಬರಹವೆಂದು ತೋರುವುದೆಲ್ಲ ಕೈಬರಹವೂ ಅಲ್ಲ. ಸಹಿಯನ್ನೂ ಒಕ್ಕಣೆಯನ್ನೂ ಬರೆದಂತೆಯೇ ಅಚ್ಚುಮಾಡಿಸಿದ ಪತ್ರಿಕೆಗಳು ಬಹಳವಿವೆ. ಭೂತಗನ್ನಡಿಯಲ್ಲಿ ನೋಡಿದರೆ ಭೇದವು ತಿಳಿಯುತ್ತದೆ. ಲೇಖನಿಯ ಗೆರೆಯಲ್ಲಿ ಮಸಿಯು ಒಂದೆಡೆ ತೆಳುವಾಗಿ, ತಿರುವಿನಲ್ಲಿಯೂ ತುದಿಯಲ್ಲಿಯೂ ಮಡುಗಟ್ಟಿ ನಿಂತಿರುತ್ತದೆ. ಒತ್ತಿ ಬರೆದಿದ್ದರೆ ಹಾಳೆಯ ಬೆನ್ನಿನಲ್ಲಿ ಬೆರಳಿಗೆ ಉಬ್ಬು ತಾಗುತ್ತದೆ. ಅಚ್ಚಿನ ಗೆರೆಯಾದರೋ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾದ ಬಣ್ಣ. ಅಚ್ಚು ಕೈಯನ್ನು ಅನುಕರಿಸಹೊರಟಿತೆಂಬ ಮಾತ್ರದಿಂದಲೇ ಬೆಲೆಯು ಯಾವುದರಲ್ಲಿದೆ ಎಂಬುದನ್ನು ಅದು ಒಪ್ಪಿಕೊಂಡಂತಾಯಿತು.

ಈ ದೃಷ್ಟಿಯಿಂದ ಮನೆಯಲ್ಲಿಯೇ ಕತ್ತರಿಸಿ, ಬಣ್ಣ ಹಚ್ಚಿ, ಬರೆದ ಪತ್ರಿಕೆಯ ಸ್ಥಾನವೇನು? ಅದರ ಮಾತು ಅಚ್ಚಿನ ಪದ್ಯಕ್ಕಿಂತ ಉತ್ತಮವಾಗಿರಬೇಕೆಂದಿಲ್ಲ. ಮಕ್ಕಳು ಮಾಡಿದುದರಲ್ಲಿ ಮಾತು ಸಾಮಾನ್ಯವಾಗಿ ಅಚ್ಚಿನಿಂದಲೇ ಎತ್ತಿದುದು. ನಮ್ಮ ಹಿರಿಯರ ಕಾಗದಗಳಲ್ಲಿಯೂ ‘ಉಭಯಕುಶಲೋಪರಿ’ ಎಂಬುದು ಪ್ರತಿಯೊಬ್ಬರೂ ಬರೆಯುತ್ತಿದ್ದ ಮಾತೇ. ಅದನ್ನು ಯಾರೂ ಮೂಲ ರಚನೆಯೆಂದು ಬಗೆಯಲಿಲ್ಲ. ಆದರೂ ಆ ಅಕ್ಷರಗಳ ವಾಲುವಿಕೆಯನ್ನು ನೋಡಿಯೇ ಬರೆದವರ ಆರೋಗ್ಯವನ್ನು ಊಹಿಸುತ್ತಿದ್ದರು. ಸೂತ್ರವು ಎಲ್ಲರದು, ಅಕ್ಷರವು ಒಬ್ಬರದು. ಮನೆಯಲ್ಲಿ ಮಾಡಿದ ಪತ್ರಿಕೆಯಲ್ಲಿ ಈ ಒಬ್ಬರ ಅಂಶವು ಅಂಚಿನಿಂದ ಅಂಚಿಗೆ ಹರಡಿರುತ್ತದೆ. ಕೊಂಡ ಪತ್ರಿಕೆಯಲ್ಲಿ ಖಾಲಿ ಬಿಟ್ಟ ಜಾಗದಷ್ಟೇ ಅದಕ್ಕೆ ಎಡೆ. ಭೇದವು ಪ್ರಮಾಣದಲ್ಲಿ, ಜಾತಿಯಲ್ಲಲ್ಲ.

ಇಂದು ಹಾರೈಕೆಗಳು ದೂರವಾಣಿಯ ಯಂತ್ರದಲ್ಲಿ ಚಿತ್ರಪದ್ಯಸಹಿತವಾಗಿ ಕ್ಷಣಾರ್ಧದಲ್ಲಿ ಬರುತ್ತವೆ. ಒಬ್ಬರಿಂದ ಬಂದುದನ್ನು ಹಾಗೆಯೇ ಮತ್ತೊಬ್ಬರಿಗೆ ದಾಟಿಸುತ್ತಾರೆ. ಅಚ್ಚಿನ ಪದ್ಯದ ಗುಣವೆಲ್ಲ ಅಲ್ಲಿದೆ; ಆದರೆ ‘ಇಂಥವರಿಗೆ, ಇಂಥವರಿಂದ’ ಎಂದು ಬರೆಯಲು ಕೋಲನು ಬಿಟ್ಟ ಜಾಗವು ಬಹುಮಟ್ಟಿಗೆ ಮುಚ್ಚಿಹೋಗಿದೆ. ಅವುಗಳನ್ನು ಯಾರೂ ಪೆಟ್ಟಿಗೆಯಲ್ಲಿಡುವುದಿಲ್ಲವೆಂದು ನಿಂದಿಸಬೇಕಾದುದಿಲ್ಲ. ಇಡಲು ಅಲ್ಲಿ ಒಬ್ಬರ ಕೈಯ ಗುರುತೇನೂ ಇಲ್ಲ.

ಆದಕಾರಣ ಹಿರಿಯರು ಕಾಲವಾದ ಮೇಲೆ ಅವರ ಪೆಟ್ಟಿಗೆಯನ್ನು ಬಿಚ್ಚುವವರು ಚಿತ್ರದ ಅಂದವನ್ನೋ ಪದ್ಯದ ಚಂದವನ್ನೋ ನೋಡಿ ಇಡುವುದನ್ನೂ ಬಿಡುವುದನ್ನೂ ಗೊತ್ತುಮಾಡಬಾರದು. ಪ್ರತಿಯೊಂದನ್ನೂ ತೆರೆದು ಒಳಗನ್ನೂ, ತಿರುವಿ ಬೆನ್ನನ್ನೂ ನೋಡಬೇಕು. ಯಾರ್ಕಿನ ಆ ಹಾಳೆಯಲ್ಲಿ ಮನ್ಮಥನೂ ಪಾರಿವಾಳಗಳೂ ಎರಡು ಶತಮಾನಗಳಿಂದ ಅಂಚಿನಲ್ಲಿ ಹಾರುತ್ತಲೇ ಇವೆ. ಆದರೆ ಆ ಹಾಳೆಗೆ ಉಸಿರು ಬಂದುದು ಒಬ್ಬ ಹೆಂಗಸು ಲೇಖನಿಯನ್ನು ಹಿಡಿದು, ಪ್ರೇಮವೆಂಬ ಮಾತನ್ನು ಅಚ್ಚಿಗೇ ಬಿಟ್ಟು, ಬರುವ ಭಾನುವಾರ ತಪ್ಪದೆ ಬರಬೇಕೆಂದು ಬರೆದಾಗ.